ಮನೆಯವರ ಕಾಯಿಲೆಯನ್ನು ಸಹೋದ್ಯೋಗಿಗೆ ತಿಳಿಸುವುದು: ಎಷ್ಟು, ಯಾವಾಗ, ಯಾವ ಮಾತಿನಲ್ಲಿ

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳು. ಒಂದು ಅಧಿಕಾರಿಯ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಬಳಿ ಇರುತ್ತದೆ. ಎರಡೂ ಬರದಿದ್ದರೆ ಬಾಗಿಲು ತೆರೆಯುವುದಿಲ್ಲ, ಕೌಂಟರಿಗೆ ಹಣ ಬರುವುದಿಲ್ಲ, ಹತ್ತು ಗಂಟೆಗೆ ಬಂದು ನಿಂತ ಪಿಂಚಣಿದಾರರು ಗೊಣಗಲು ಶುರುಮಾಡುತ್ತಾರೆ. ತುಮಕೂರಿನಲ್ಲಿ ನಾನು ಕೀಲಿ ಹಿಡಿದ ಅಧಿಕಾರಿಯಾಗಿದ್ದ ವರ್ಷವೇ ನಮ್ಮ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ನನ್ನ ಜೋಡಿ ಕೀಲಿಯವರಿಗೆ ಆ ಸುದ್ದಿಯನ್ನು ಹೇಳದೆ ಇರುವಂತಿರಲಿಲ್ಲ, ಎಲ್ಲವನ್ನೂ ಹೇಳುವಂತೆಯೂ ಇರಲಿಲ್ಲ. ಮೊದಲ ಸಲ ಕೆಟ್ಟದಾಗಿ ಹೇಳಿದೆ, ಎರಡನೆಯ ಸಲ ಪರವಾಗಿಲ್ಲ ಎನ್ನುವಂತೆ ಹೇಳಿದೆ. ಆಮೇಲಿನ ಎಂಟು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ಕಚೇರಿಯಲ್ಲಿ ತಿಜೋರಿ ಇಲ್ಲದಿರಬಹುದು. ಆದರೆ ನೀವು ಬಾರದ ದಿನ ಯಾರ ಕೆಲಸ ನಿಂತುಹೋಗುತ್ತದೋ ಅಂಥ ಒಬ್ಬರು ಇದ್ದೇ ಇರುತ್ತಾರೆ. ಈ ಬರಹದಲ್ಲಿ ಸಹೋದ್ಯೋಗಿ ಎಂದಾಗಲೆಲ್ಲ ಅವರನ್ನು ನೆನೆಸಿಕೊಳ್ಳಿ.

ಮೊದಲ ಹೆಜ್ಜೆ: ತಾರೀಖು ಸಿಗುವವರೆಗೆ ತಡೆಯಿರಿ

ನಾನು ಮಾಡಿದ ತಪ್ಪು ಇಲ್ಲಿಂದಲೇ ಶುರುವಾಯಿತು. ಗಂಟು ಕಂಡಿತು, ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದರು, ವರದಿಗೆ ವಾರ ಕಾಯಬೇಕು ಎಂದರು. ಆ ವಾರ ಮನಸ್ಸು ತಡೆಯದೆ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ "ಅಮ್ಮನಿಗೆ ಏನೋ ಗಡ್ಡೆ ಆಗಿದೆಯಂತೆ" ಎಂದುಬಿಟ್ಟೆ. ಮೇಜಿನ ಸುತ್ತ ಐದು ಜನ ಇದ್ದರು. ಒಬ್ಬರು ತಮ್ಮ ಅತ್ತೆಗೆ ಹೀಗೆಯೇ ಆಗಿ ಆರು ತಿಂಗಳಲ್ಲಿ ಹೋದರು ಎಂದರು. ಇನ್ನೊಬ್ಬರು ಮಲೆನಾಡಿನ ಕಡೆ ಯಾರೋ ಮರದ ಚಕ್ಕೆ ಕೊಡುತ್ತಾರಂತೆ, ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ನಿಲ್ಲಬೇಕಂತೆ ಎಂದು ದಾರಿ ಹೇಳಿಕೊಟ್ಟರು. ಸಂಜೆಯ ಹೊತ್ತಿಗೆ ಬೇರೆ ಶಾಖೆಯಿಂದ ಫೋನ್ ಬಂತು. ನನ್ನ ಬಳಿ ಆಗ ಹೇಳಲು ಏನೂ ಇರಲಿಲ್ಲ. ವರದಿ ಬರುವವರೆಗೆ ಆರು ದಿನ ಎದುರಿಗೆ ಸಿಕ್ಕವರೆಲ್ಲ "ಏನಂತೆ?" ಎಂದರು, ನಾನು "ಇನ್ನೂ ಗೊತ್ತಿಲ್ಲ" ಎಂದೆ. ಈ ಎರಡು ಮಾತಿನ ಆಟ ದಿನಕ್ಕೆ ಹತ್ತು ಸಲ ನಡೆಯಿತು.

ಪರೀಕ್ಷೆಯ ಹಂತದಲ್ಲಿ ಸಹೋದ್ಯೋಗಿಗೆ ಬೇಕಾಗಿರುವುದು ನೀವು ಇರುತ್ತೀರೋ ಇಲ್ಲವೋ ಎಂಬುದು ಮಾತ್ರ. "ಅಮ್ಮನನ್ನು ಬುಧವಾರ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು, ಆ ದಿನ ಬರುವುದಿಲ್ಲ" ಎಂದರೆ ಸಾಕು. ಏನು ಪರೀಕ್ಷೆ ಎಂದು ಕೇಳಿದರೆ "ಡಾಕ್ಟರು ಬರೆದುಕೊಟ್ಟಿದ್ದಾರೆ, ವರದಿ ಬಂದ ಮೇಲೆ ಹೇಳುತ್ತೇನೆ" ಎನ್ನಿ. ಕಾಯಿಲೆಯ ಹೆಸರು, ಚಿಕಿತ್ಸೆ ಶುರುವಾಗುವ ದಿನ, ಎಷ್ಟು ಕಾಲ ಎಂಬುದರ ಅಂದಾಜು, ಈ ಮೂರೂ ಕೈಗೆ ಬಂದ ದಿನ ಪೂರ್ತಿ ಸುದ್ದಿ ಹೇಳಬಹುದು. ನಮ್ಮ ವಿಷಯದಲ್ಲಿ ಆ ದಿನ ಬಂದದ್ದು ಆಪರೇಷನ್ ಮುಗಿದು, ಕೀಮೋ ಎಂದಿನಿಂದ ಎಂದು ವೈದ್ಯರು ಬರೆದುಕೊಟ್ಟ ಮೇಲೆ.

ಎರಡನೆಯ ಹೆಜ್ಜೆ: ಕಾಯಿಲೆ ಬಿದ್ದವರಿಗೆ ಏನು ಗೊತ್ತಿದೆ ಎಂದು ನೋಡಿಕೊಳ್ಳಿ

ನಮ್ಮ ಮನೆಗಳಲ್ಲಿ ರೋಗಿಗೇ ರೋಗದ ಹೆಸರು ಹೇಳಿರುವುದಿಲ್ಲ. ಸರಿಯೋ ತಪ್ಪೋ, ಇದು ನಡೆಯುವ ಸಂಗತಿ. ನಮ್ಮ ಅಣ್ಣ "ಅಮ್ಮನಿಗೆ ಗಡ್ಡೆ ಎಂದಷ್ಟೇ ಹೇಳೋಣ" ಎಂದ, ಎಲ್ಲರೂ ತಲೆಯಾಡಿಸಿದೆವು. ಹೀಗಿರುವಾಗ ನೀವು ಕಚೇರಿಯಲ್ಲಿ ಹೆಸರು ಹೇಳಿ, ಭಾನುವಾರ ಯಾರೋ ಸೇಬು, ಮೋಸಂಬಿ ಹಿಡಿದುಕೊಂಡು ಮನೆಗೆ ಬಂದು, "ಏನಮ್ಮಾ, ಈಗೆಲ್ಲ ಕ್ಯಾನ್ಸರಿಗೆ ಒಳ್ಳೆಯ ಔಷಧಿ ಬಂದಿದೆ, ಹೆದರಬೇಡಿ" ಎಂದು ಧೈರ್ಯ ಹೇಳಿದರೆ ಅವರದೇನೂ ತಪ್ಪಿಲ್ಲ. ಆದ್ದರಿಂದ ಎರಡರಲ್ಲಿ ಒಂದನ್ನು ಮೊದಲೇ ಮಾಡಿ. ಒಂದೋ ರೋಗಿಯನ್ನು ಕೇಳಿ: "ಆಫೀಸಿನಲ್ಲಿ ಒಬ್ಬರಿಗೆ ಹೇಳಬೇಕಾಗುತ್ತದೆ, ಹೇಳಲೇ?" ಇಲ್ಲವೋ, ಅವರಿಗೆ ತಿಳಿಸಿಲ್ಲ ಎಂಬ ಸಂಗತಿಯನ್ನೂ ಸುದ್ದಿಯ ಭಾಗವಾಗಿಯೇ ಹೇಳಿ.

ನಮ್ಮ ಗುಟ್ಟು ಮೊದಲ ಕೀಮೋದ ದಿನವೇ ಬಯಲಾಯಿತು. ಕೀಮೋ ವಾರ್ಡಿನಲ್ಲಿ ಅಕ್ಕಪಕ್ಕದ ಕುರ್ಚಿಯವರು ಮಾತಾಡುತ್ತಾರೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಅಮ್ಮ ಮನೆಗೆ ಬಂದವಳು, "ಹೇಳುವುದಿದ್ದರೆ ಹೇಳಿಕೊಳ್ಳಿ, ಆದರೆ ಎಲ್ಲಿ ಆಗಿದೆ ಎಂದು ಗಂಡಸರಿಗೆ ಹೇಳಬೇಡಿ" ಎಂದಳು. ಆ ಮಾತನ್ನು ಈಗಲೂ ಪಾಲಿಸುತ್ತಿದ್ದೇನೆ, ಇಲ್ಲಿಯೂ ಬರೆಯುವುದಿಲ್ಲ. ಸಹೋದ್ಯೋಗಿಗೂ ಅದು ಬೇಕಾಗುವುದಿಲ್ಲ. ಯಾವ ಅಂಗ ಎಂಬುದರಿಂದ ಅವರ ಕೆಲಸದಲ್ಲಿ ಏನೂ ಬದಲಾಗುವುದಿಲ್ಲ, ನಿಮ್ಮ ರಜೆಯ ದಿನಗಳಿಂದ ಬದಲಾಗುತ್ತದೆ. ಗರ್ಭಕೋಶ, ಮೂತ್ರ, ಮಲ, ಮನಸ್ಸು, ಇವುಗಳಿಗೆ ಸೇರಿದ ಎಲ್ಲ ಕಾಯಿಲೆಗಳಿಗೂ ಇದೇ ಅಳತೆ ಸಾಕು.

ಮೂರನೆಯ ಹೆಜ್ಜೆ: ಪದವನ್ನು ತೂಗಿ ನೋಡಿ

ಈ ಹೆಜ್ಜೆಯಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ.

"ಹುಷಾರಿಲ್ಲ" ಎಂಬ ಮಾತು ನೆಗಡಿಗೂ ಸಲ್ಲುತ್ತದೆ, ಕೊನೆಯ ದಿನಗಳಿಗೂ ಸಲ್ಲುತ್ತದೆ. ಒಂದು ದಿನದ ರಜೆಗೆ ಅದು ಸರಿಯಾದ ಪದ. ಆದರೆ ಮೂರು ವಾರಕ್ಕೊಮ್ಮೆ "ಅಮ್ಮನಿಗೆ ಹುಷಾರಿಲ್ಲ" ಎಂದು ಎರಡು ದಿನ ರಜೆ ಹಾಕುತ್ತಾ ಹೋದರೆ ಮೂರನೆಯ ಸಲಕ್ಕೆ ಎದುರಿನವರ ಹುಬ್ಬು ಏರುತ್ತದೆ. ನಾನೂ ಬೇರೆಯವರ ವಿಷಯದಲ್ಲಿ ಹಾಗೆ ಹುಬ್ಬು ಏರಿಸಿದ್ದೇನೆ, ಸುಳ್ಳೇಕೆ ಹೇಳಲಿ. ದೀರ್ಘ ಕಾಯಿಲೆಗೆ ಹೆಸರು ಹೇಳುವುದರಿಂದ ಒಂದು ಉಪಕಾರವಿದೆ. ಒಮ್ಮೆ ಹೇಳಿದರೆ ಮತ್ತೆ ಮತ್ತೆ ಕಾರಣ ಕೊಡಬೇಕಾಗುವುದಿಲ್ಲ.

"ಸೀರಿಯಸ್" ಎಂಬುದು ಇದಕ್ಕೆ ಪೂರಾ ಎದುರು ತುದಿಯ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಗಂಭೀರ ಎಂಬಷ್ಟೇ ಅರ್ಥ ಇರಬಹುದು. ನಮ್ಮ ಕಚೇರಿಗಳಲ್ಲಿ "ಅಮ್ಮ ಸೀರಿಯಸ್" ಎಂದರೆ ಇಂದೋ ನಾಳೆಯೋ ಎಂದೇ ಅರ್ಥ. ಇದು ತಂತಿಯ ಕಾಲದಿಂದ ಬಂದ ಬಳಕೆ ಎಂದು ನನ್ನ ಊಹೆ. "ತಾಯಿ ಸೀರಿಯಸ್, ಕೂಡಲೇ ಹೊರಡು" ಎಂಬ ಟೆಲಿಗ್ರಾಂ ಹಿಡಿದು ಮ್ಯಾನೇಜರ್ ಮುಂದೆ ನಿಂತವರನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡಿದ್ದೇನೆ. ಅವುಗಳಲ್ಲಿ ಕೆಲವು ರಜೆಗಾಗಿಯೇ ಊರಿನಿಂದ ತರಿಸಿಕೊಂಡವು ಎಂಬುದು ಮ್ಯಾನೇಜರಿಗೂ ಗೊತ್ತಿರುತ್ತಿತ್ತು. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು, ಪದ ಮಾತ್ರ ಅದೇ ಭಾರದಲ್ಲಿ ಉಳಿಯಿತು. ನಿಜವಾಗಿಯೂ ಕೊನೆಯ ಗಳಿಗೆ ಅಲ್ಲದಿದ್ದರೆ ಆ ಪದವನ್ನು ಬಳಸಬೇಡಿ. ಬಳಸಿದರೆ ಅರ್ಧ ಶಾಖೆ ಆಸ್ಪತ್ರೆಗೆ ಬರುತ್ತದೆ. "ಐಸಿಯುನಲ್ಲಿದ್ದಾರೆ" ಎಂಬುದೂ ಹಾಗೆಯೇ ಕೇಳಿಸುತ್ತದೆ. ಆಪರೇಷನ್ ಆದ ಮೇಲೆ ನಿಗಾ ಇಡಲು ಒಂದು ರಾತ್ರಿ ಅಲ್ಲಿರಿಸಿದ್ದರೆ, "ನಾಳೆ ವಾರ್ಡಿಗೆ ಕಳುಹಿಸುತ್ತಾರಂತೆ" ಎಂಬುದನ್ನು ಅದೇ ವಾಕ್ಯಕ್ಕೆ ಸೇರಿಸಿ.

ಇನ್ನೊಂದು ಸಂಗತಿ, ಆಸ್ಪತ್ರೆಯ ಹೆಸರು. ಕರ್ನಾಟಕದಲ್ಲಿ ಕೆಲವು ಆಸ್ಪತ್ರೆಗಳ ಹೆಸರು ಹೇಳಿದರೆ ಕಾಯಿಲೆಯನ್ನೇ ಹೇಳಿದಂತೆ. "ಕಿದ್ವಾಯಿಯಲ್ಲಿದ್ದೇವೆ" ಎಂದರೆ ಕ್ಯಾನ್ಸರ್, "ಜಯದೇವದಲ್ಲಿದ್ದೇವೆ" ಎಂದರೆ ಹೃದಯ, "ಮಿಂಟೋ" ಎಂದರೆ ಕಣ್ಣು. "ನಿಮ್ಹಾನ್ಸ್" ಎಂದರೆ ಹೆಚ್ಚಿನವರು ಮನಸ್ಸಿನ ಕಾಯಿಲೆ ಎಂದುಕೊಳ್ಳುತ್ತಾರೆ, ಅಲ್ಲಿ ಪಾರ್ಶ್ವವಾಯು, ಮೂರ್ಛೆ, ತಲೆಗೆ ಬಿದ್ದ ಪೆಟ್ಟು ಇವಕ್ಕೂ ಚಿಕಿತ್ಸೆ ಕೊಡುತ್ತಾರೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಆಸ್ಪತ್ರೆಯ ಹೆಸರು ಬಿಟ್ಟುಕೊಟ್ಟರೆ ಏನೂ ಮುಚ್ಚಿಟ್ಟಂತಾಗಲಿಲ್ಲ. ಹೇಳಬಾರದು ಎಂದಿದ್ದರೆ "ಬೆಂಗಳೂರಿನಲ್ಲಿ ತೋರಿಸುತ್ತಿದ್ದೇವೆ" ಎಂದು ಊರಿನ ಹೆಸರಿಗೆ ನಿಲ್ಲಿಸಿ. ನಿಮ್ಹಾನ್ಸ್ ಆಗಿದ್ದರೆ "ಅಪ್ಪನಿಗೆ ಪಾರ್ಶ್ವವಾಯು, ನಿಮ್ಹಾನ್ಸ್‌ನಲ್ಲಿದ್ದೇವೆ" ಎಂದು ಕಾಯಿಲೆಯನ್ನು ಮುಂದಿಟ್ಟು ಹೇಳುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಒಬ್ಬರಿಗೆ, ಎದುರು ಕೂತು, ಕೆಲಸಕ್ಕೆ ಬೇಕಾದಷ್ಟು

ಡಬ್ಬಿಯ ಮೇಜಿನ ಅನುಭವದ ನಂತರ ನಾನು ಹೆಡ್ ಕ್ಯಾಷಿಯರ್ ಒಬ್ಬರಿಗೇ ಹೇಳಲು ತೀರ್ಮಾನಿಸಿದೆ. ಮ್ಯಾನೇಜರಿಗೆ ರಜೆಯ ಲೆಕ್ಕದಲ್ಲಿ ಹೇಗೂ ಹೇಳಲೇಬೇಕಿತ್ತು, ಅದು ಬೇರೆ. ಸಂಜೆ ಹಣ ಎಣಿಸಿ, ತಿಜೋರಿ ಮುಚ್ಚಿ, ಇಬ್ಬರೂ ರಿಜಿಸ್ಟರಿಗೆ ಸಹಿ ಮಾಡುವ ಐದು ನಿಮಿಷ ನಮಗಿಬ್ಬರಿಗೇ ಸೇರಿದ್ದು. ಬೆಳಿಗ್ಗೆ ಹೇಳಿದರೆ ಅವರು ದಿನವಿಡೀ ನೋಟು ಎಣಿಸುತ್ತಾ ಅದನ್ನೇ ಯೋಚಿಸುತ್ತಾರೆ. ಸಂಜೆಯಾದರೆ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ನಿಮ್ಮ ಕಚೇರಿಯಲ್ಲಿಯೂ ಇಂಥ ಹೊತ್ತೊಂದು ಇರುತ್ತದೆ, ಪಾಳಿ ಬದಲಾಗುವಾಗ ಅಥವಾ ಬಸ್ ನಿಲ್ದಾಣಕ್ಕೆ ಒಟ್ಟಿಗೆ ನಡೆಯುವಾಗ.

ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು, ಹುದ್ದೆಯಲ್ಲಿ ಕೆಳಗಿನವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಸರ್, ಎರಡು ನಿಮಿಷ. ನಮ್ಮ ತಾಯಿಗೆ ಕ್ಯಾನ್ಸರ್. ಆಪರೇಷನ್ ಆಗಿದೆ, ಚೇತರಿಸಿಕೊಂಡಿದ್ದಾರೆ. ಬರುವ ಗುರುವಾರದಿಂದ ಕೀಮೋ ಶುರು, ಮೂರು ವಾರಕ್ಕೊಂದು ಗುರುವಾರ, ಒಟ್ಟು ಆರು ಸಲ. ಆ ಗುರುವಾರ, ಶುಕ್ರವಾರ ನಾನು ಇರುವುದಿಲ್ಲ. ಬುಧವಾರ ಸಂಜೆಯೇ ಕೀಲಿಯನ್ನು ಮ್ಯಾನೇಜರ್ ಹೇಳಿದವರಿಗೆ ಬರೆದು ಕೊಟ್ಟು ಹೋಗುತ್ತೇನೆ. ಉಳಿದವರಿಗೆ ಇನ್ನೂ ಹೇಳಿಲ್ಲ, ನಿಮ್ಮಲ್ಲೇ ಇರಲಿ."

ಇದರಲ್ಲಿ ಏನಿದೆ, ಏನಿಲ್ಲ ಎಂದು ಗಮನಿಸಿ. ಕಾಯಿಲೆಗೆ ಒಂದೇ ವಾಕ್ಯ. ಈಗ ಹೇಗಿದ್ದಾರೆ ಎಂಬುದಕ್ಕೆ ಒಂದು ವಾಕ್ಯ, ಏಕೆಂದರೆ ಅದನ್ನು ಹೇಳದಿದ್ದರೆ ಕೇಳಿದವರು ಕೆಟ್ಟದ್ದನ್ನೇ ಊಹಿಸುತ್ತಾರೆ. ಉಳಿದದ್ದೆಲ್ಲ ದಿನ ಮತ್ತು ಕೀಲಿ. ಹಂತ ಯಾವುದು, ಎಷ್ಟು ಖರ್ಚು, ವೈದ್ಯರು ಏನೆಂದರು, ಮನೆಯಲ್ಲಿ ಯಾರು ಅತ್ತರು, ಇವು ಯಾವುವೂ ಇಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಎನ್ನುವ ಬದಲು ಮೂರು ವಾರಕ್ಕೊಂದು ಗುರುವಾರ ಎಂದದ್ದು ಬೇಕೆಂದೇ. ಇಪ್ಪತ್ತೊಂದು ಎಂದರೆ ಅವರು ಕ್ಯಾಲೆಂಡರಿನಲ್ಲಿ ಎಣಿಸಬೇಕು. ಗುರುವಾರ ಎಂದರೆ ನೆನಪಿನಲ್ಲಿ ಉಳಿಯುತ್ತದೆ. ಕೊನೆಯ ವಾಕ್ಯವನ್ನು ಮರೆಯಬೇಡಿ. "ಯಾರಿಗೂ ಹೇಳಬೇಡಿ" ಎಂದರೆ ಗುಟ್ಟಿನ ಭಾರವಾಗುತ್ತದೆ, ಹೊರಲಾರದೆ ಇನ್ನೊಬ್ಬರ ಮೇಲೆ ಇಳಿಸುತ್ತಾರೆ. "ಉಳಿದವರಿಗೆ ಇನ್ನೂ ಹೇಳಿಲ್ಲ" ಎಂದರೆ ಹೇಳುವವಳು ನಾನೇ, ನನ್ನ ಹೊತ್ತಿಗೆ ಹೇಳುತ್ತೇನೆ ಎಂದು ಅರ್ಥವಾಗುತ್ತದೆ.

ಎದುರಿನವರು ನಿಮಗಿಂತ ಚಿಕ್ಕವರಾದರೆ ಇದನ್ನೇ ಇನ್ನೂ ಚಿಕ್ಕದು ಮಾಡಿ. ಚಿಕ್ಕವರಿಗೆ ಏನು ಹೇಳಬೇಕೆಂದು ತೋಚದೆ ಗಾಬರಿಯಾಗುತ್ತದೆ. "ಅಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ, ಗುರುವಾರ ಬರುವುದಿಲ್ಲ, ಈ ಮೂರು ಫೈಲು ನೀವು ನೋಡಿಕೊಳ್ಳಿ" ಎಂದು ಕೈಗೊಂದು ಕೆಲಸ ಕೊಟ್ಟರೆ ಅವರಿಗೂ ಹಗುರ.

ರಜೆಯ ಬಗ್ಗೆ ಇಲ್ಲಿಯೇ ಒಂದು ಮಾತು. ಆರು ಸಲ, ಸಲಕ್ಕೆ ಎರಡು ದಿನ ಎಂದರೆ ಹನ್ನೆರಡು ದಿನ. ನಮ್ಮ ಬ್ಯಾಂಕಿನಲ್ಲಿ ವರ್ಷಕ್ಕೆ ಇದ್ದ ಸಾಂದರ್ಭಿಕ ರಜೆಯೂ ಹನ್ನೆರಡೇ. ಎಲ್ಲವನ್ನೂ ಇದಕ್ಕೇ ಸುರಿದರೆ ಜ್ವರವೆಂದು ಒಂದು ದಿನ ಮಲಗಲೂ ಉಳಿಯುವುದಿಲ್ಲ. ಹಾಗೆಂದು ನನಗೇ ಹೊಟ್ಟೆನೋವು ಎಂದು ಬರೆದು ಅನಾರೋಗ್ಯ ರಜೆ ತೆಗೆದುಕೊಳ್ಳುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಕೇಳಬೇಡಿ. ಒಬ್ಬರಿಗೆ ತಾಯಿಯ ಕಾಯಿಲೆ ಎಂದು, ಕಾಗದದಲ್ಲಿ ನನ್ನ ಕಾಯಿಲೆ ಎಂದು ಎರಡು ಕಥೆ ನಡೆದರೆ ಎಂದಾದರೂ ಒಂದೇ ಕೋಣೆಯಲ್ಲಿ ಎರಡೂ ಎದುರಾಗುತ್ತವೆ, ಆಗ ಸಾಕ್ಷಿ ನಿಲ್ಲಬೇಕಾದವರು ನಿಮ್ಮ ಸಹೋದ್ಯೋಗಿ. ನಾನು ಮೊದಲ ಮೂರು ಸಲಕ್ಕೆ ಸಾಂದರ್ಭಿಕ ರಜೆ, ಉಳಿದವಕ್ಕೆ ಗಳಿಕೆ ರಜೆ ಎಂದು ಮ್ಯಾನೇಜರಿಗೆ ಮೊದಲೇ ಬರೆದುಕೊಟ್ಟೆ.

ಐದನೆಯ ಹೆಜ್ಜೆ: ಏರುಪೇರಾಗಬಹುದಾದದ್ದನ್ನು ಮುಂಚೆಯೇ ಹೇಳಿಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಚಿಕಿತ್ಸೆಯ ದಿನ ಮಾತ್ರ ಹೇಳುತ್ತಾರೆ, ನಡುವಿನ ದಿನಗಳನ್ನು ಹೇಳುವುದಿಲ್ಲ. ಕೀಮೋ ಕೊಟ್ಟ ಮೇಲೆ ರಕ್ತದ ಬಿಳಿ ಕಣಗಳು ಕಡಿಮೆಯಾಗುತ್ತವೆ. ಸಾಮಾನ್ಯವಾಗಿ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದ ನಡುವೆ ಅವು ಅತಿ ಕಡಿಮೆ ಮಟ್ಟಕ್ಕೆ ಇಳಿಯುತ್ತವೆ. ಆಗ ಸೋಂಕು ತಗುಲಿದರೆ ದೇಹಕ್ಕೆ ತಡೆಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯಬಾರದು, ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೋಗಬೇಕು ಎಂದು ನಮಗೆ ಬರೆದುಕೊಟ್ಟಿದ್ದರು. ಇನ್ನೊಂದು, ಪ್ರತಿ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡುತ್ತಾರೆ. ಕಣಗಳು ಸಾಕಷ್ಟು ಏರದಿದ್ದರೆ ಆ ಸಲದ ಕೀಮೋ ಮುಂದಕ್ಕೆ ಹೋಗುತ್ತದೆ.

ಸಹೋದ್ಯೋಗಿಗೆ ಬಿಳಿ ಕಣಗಳ ಪಾಠ ಬೇಕಿಲ್ಲ. ನಾನು ಹೇಳಿದ್ದು ಎರಡೇ ಮಾತು: "ಕೀಮೋ ಆದ ಮುಂದಿನ ವಾರ ಜ್ವರ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ ಸರ್, ಹಾಗಾದರೆ ಬೆಳಿಗ್ಗೆ ಏಳಕ್ಕೆ ಮುಂಚೆ ನಿಮಗೆ ಮೆಸೇಜ್ ಹಾಕುತ್ತೇನೆ. ರಕ್ತದ ವರದಿ ನೋಡಿ ಗುರುವಾರ ಒಂದು ವಾರ ಮುಂದೆ ಹೋಗಲೂಬಹುದು, ಬುಧವಾರ ಮಧ್ಯಾಹ್ನ ಖಚಿತ ಹೇಳುತ್ತೇನೆ." ನೋಡಲು ಬರುವವರ ಬಗ್ಗೆಯೂ ಆಗಲೇ ಹೇಳಿದೆ. ಬರಬೇಡಿ ಎಂದರೆ ನಮ್ಮ ಕಡೆ ಬೇಸರ ಮಾಡಿಕೊಳ್ಳುತ್ತಾರೆ, ಕಾಯಿಲೆಯವರನ್ನು ನೋಡಿಬರುವುದು ಒಂದು ಕರ್ತವ್ಯ. "ಈಗ ಜನ ಸೇರಬಾರದು, ನೆಗಡಿಯೂ ತಗುಲಬಾರದು ಎಂದಿದ್ದಾರೆ. ಚಿಕಿತ್ಸೆ ಮುಗಿಯಲಿ, ನಾನೇ ಕರೆಯುತ್ತೇನೆ" ಎಂದರೆ ಮನಸ್ಸಿಗೂ ನೋವಾಗುವುದಿಲ್ಲ, ಕಾರಣವೂ ನಿಜವಾದದ್ದು.

ಆರನೆಯ ಹೆಜ್ಜೆ: ತುರ್ತಿನ ಮೆಸೇಜ್

ಎರಡನೆಯ ಕೀಮೋ ಆಗಿ ಹನ್ನೆರಡನೆಯ ದಿನ, ಸೋಮವಾರ ಬೆಳಗಿನ ಜಾವ ಮೂರು ಗಂಟೆಗೆ ಅಮ್ಮನಿಗೆ ಚಳಿ ಶುರುವಾಯಿತು. ಥರ್ಮಾಮೀಟರ್ 101 ತೋರಿಸಿತು. ನಾಲ್ಕಕ್ಕೆ ಊರಿನ ಆಸ್ಪತ್ರೆಯಲ್ಲಿದ್ದೆವು. ಡ್ರಿಪ್ ಹಾಕಿ ಆಂಟಿಬಯಾಟಿಕ್ ಶುರು ಮಾಡಿದ ಮೇಲೆ ಬ್ಯಾಗಿನಲ್ಲಿ ಬಿಲ್ಲು ಕಟ್ಟಲು ಹಣ ಹುಡುಕುವಾಗ ಕೈಗೆ ತಾಗಿದ್ದು ತಿಜೋರಿಯ ಕೀಲಿ. ಶನಿವಾರ ಸಂಜೆಯಿಂದ ಅದು ನನ್ನಲ್ಲಿಯೇ ಇತ್ತು.

ಐದೂವರೆಗೆ ಹೆಡ್ ಕ್ಯಾಷಿಯರಿಗೆ ಹಾಕಿದ ಮೆಸೇಜ್ ಹೀಗಿತ್ತು:

"ಸರ್, ಅಮ್ಮನಿಗೆ ಜ್ವರ, ಹೇಳಿದ್ದೆನಲ್ಲ ಅದೇ. ಆಸ್ಪತ್ರೆಗೆ ಸೇರಿಸಿದ್ದೇವೆ, ಔಷಧಿ ಶುರುವಾಗಿದೆ. ಇಂದು ನಾನು ಬರಲಾಗುವುದಿಲ್ಲ. ಕೀಲಿ ನನ್ನ ಬಳಿ ಇದೆ. ಮ್ಯಾನೇಜರ್ ಅವರಿಗೂ ತಿಳಿಸುತ್ತಿದ್ದೇನೆ. ಎಂಟು ಗಂಟೆಗೆ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಕರೆ ತೆಗೆಯಲಾಗದು."

ಇದನ್ನು ಹಾಕಲು ಒಂದು ನಿಮಿಷ ಸಾಕಾಯಿತು, ಏಕೆಂದರೆ "ಅದೇ" ಎಂಬ ಪದದ ಹಿಂದೆ ಮೂರು ವಾರ ಮುಂಚೆ ಹೇಳಿಟ್ಟದ್ದಿತ್ತು. ಮುಂಚೆ ಹೇಳಿರದಿದ್ದರೆ ಆ ಹೊತ್ತಿನಲ್ಲಿ ಕ್ಯಾನ್ಸರ್, ಕೀಮೋ, ಜ್ವರ ಎಲ್ಲವನ್ನೂ ಬರೆಯಬೇಕಿತ್ತು, ಇಲ್ಲವೇ "ಅಮ್ಮನಿಗೆ ಜ್ವರ, ರಜೆ" ಎಂದು ಬರೆದು, ಜ್ವರಕ್ಕೆ ಶಾಖೆಯ ತಿಜೋರಿಯನ್ನೇ ಕಟ್ಟಿಹಾಕಿದಳು ಎಂದು ಅನ್ನಿಸಿಕೊಳ್ಳಬೇಕಿತ್ತು. ಕೊನೆಯ ವಾಕ್ಯವೂ ಮುಖ್ಯ. ಯಾವಾಗ ಮಾತಿಗೆ ಸಿಗುತ್ತೀರಿ ಎಂದು ಹೇಳದಿದ್ದರೆ ಎದುರಿನವರು ಹತ್ತು ನಿಮಿಷಕ್ಕೊಮ್ಮೆ ಕರೆ ಮಾಡುತ್ತಾರೆ, ಫೋನ್ ಬಡಿದುಕೊಳ್ಳುವಾಗಲೆಲ್ಲ ನರ್ಸ್ ನಿಮ್ಮನ್ನು ದಿಟ್ಟಿಸುತ್ತಾರೆ. ಹೇಳಿದ ಮೇಲೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ. ಆಗಲೂ ವೈದ್ಯರು ಬಂದಿರಲಿಲ್ಲ. "ಡಾಕ್ಟರು ಇನ್ನೂ ಬಂದಿಲ್ಲ ಸರ್" ಎಂದಷ್ಟೇ ಹೇಳಿದೆ, ಆದರೆ ಹೇಳಿದ ಹೊತ್ತಿಗೆ ಹೇಳಿದೆ.

ಕೀಲಿಯನ್ನು ಅಣ್ಣನ ಕೈಯಲ್ಲಿ ಕಳುಹಿಸುವುದು ಸುಲಭವಾಗಿತ್ತು. ನಿಯಮ ಒಪ್ಪುವುದಿಲ್ಲ, ಹೊರಗಿನವರ ಕೈಗೆ ಅದು ಹೋಗುವಂತಿಲ್ಲ. ಒಂಬತ್ತಕ್ಕೆ ಮ್ಯಾನೇಜರ್ ಗೊತ್ತುಮಾಡಿದ ಅಧಿಕಾರಿ ರಿಜಿಸ್ಟರನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಇಬ್ಬರೂ ಸಹಿ ಮಾಡಿದೆವು. ಅವರಿಗೆ ಕಾಯಿಲೆಯ ವಿವರ ಗೊತ್ತಿರಲಿಲ್ಲ, ಕೇಳಲೂ ಇಲ್ಲ. "ಅಮ್ಮ ಹೇಗಿದ್ದಾರೆ?" ಎಂದರು, "ಜ್ವರ ಇಳಿಯುತ್ತಿದೆ" ಎಂದೆ. ಅವರಿಗೆ ಅಷ್ಟು ಸಾಕಿತ್ತು. ಆ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಡಬೇಕು ಎಂದು ನನಗೆ ತುಂಬಾ ಅನ್ನಿಸಿತ್ತು, ರಾತ್ರಿ ನಿದ್ದೆಗೆಟ್ಟವರಿಗೆ ಹಾಗೆ ಅನ್ನಿಸುತ್ತದೆ. ಅಂಥ ಹೊತ್ತಿನಲ್ಲಿ ಮಾತಾಡಲು ಸಹೋದ್ಯೋಗಿಗಿಂತ ಅಕ್ಕನೋ ಗೆಳತಿಯೋ ವಾಸಿ. ನಾನು ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ಅತ್ತೆ.

ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಇಂಥ ಮೆಸೇಜ್ ಹಾಕಬೇಡಿ. ಮೂವತ್ತು ಜನ ಕೈಮುಗಿದ ಚಿತ್ರ ಕಳುಹಿಸುತ್ತಾರೆ, ಅದರ ನಡುವೆ ಕೀಲಿಯ ವಾಕ್ಯ ಮುಳುಗಿಹೋಗುತ್ತದೆ.

ಏಳನೆಯ ಹೆಜ್ಜೆ: ಮರಳಿ ಬಂದ ದಿನದ ಪ್ರಶ್ನೆಗಳು

ಐದು ದಿನ ಆಸ್ಪತ್ರೆಯಲ್ಲಿದ್ದು, ಶನಿವಾರ ಮನೆಗೆ ಬಂದು, ಸೋಮವಾರ ಕೆಲಸಕ್ಕೆ ಹೋದೆ. ಅಷ್ಟು ಹೊತ್ತಿಗೆ ಶಾಖೆಗೆಲ್ಲ ಅರ್ಧಂಬರ್ಧ ಗೊತ್ತಾಗಿತ್ತು. ಆಗ ಗುಟ್ಟು ಮಾಡಿ ಪ್ರಯೋಜನವಿಲ್ಲ ಎಂದು ಡಬ್ಬಿಯ ಮೇಜಿಗೇ ಹೋಗಿ ಕೂತು, "ಅಮ್ಮನಿಗೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಜ್ವರ ಬಂದಿತ್ತು, ಈಗ ಇಲ್ಲ. ಇನ್ನು ನಾಲ್ಕು ಸಲ ಇದೆ" ಎಂದು ಒಂದೇ ಉಸಿರಿಗೆ ಹೇಳಿ ಚಪಾತಿ ಮುರಿದೆ.

ಬರುವ ಪ್ರಶ್ನೆಗಳು ಹೆಚ್ಚೆಂದರೆ ನಾಲ್ಕು ಬಗೆ. "ಎಲ್ಲಿಗೆ ಆಗಿದೆ?" ಎಂದರೆ "ಆಪರೇಷನ್‌ನಲ್ಲಿ ತೆಗೆದಿದ್ದಾರೆ" ಎಂದೆ. ಕೇಳಿದ್ದಕ್ಕೆ ಅದು ಉತ್ತರವಲ್ಲ, ಆದರೂ ಜನ ಒಪ್ಪಿಕೊಳ್ಳುತ್ತಾರೆ. "ಎಷ್ಟನೇ ಸ್ಟೇಜ್?" ಎಂದರೆ "ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ ಎಂದಿದ್ದಾರೆ" ಎಂದು, ವೈದ್ಯರು ನಿಜವಾಗಿ ಹಾಗೆ ಹೇಳಿದ್ದರೆ ಮಾತ್ರ, ಹೇಳಿ. ಹೇಳಿರದಿದ್ದರೆ "ಚಿಕಿತ್ಸೆ ನಡೆಯುತ್ತಿದೆ" ಎಂದರೆ ಸಾಕು. "ಎಷ್ಟು ಖರ್ಚಾಯಿತು?" ಎಂಬ ಪ್ರಶ್ನೆ ಕೆಟ್ಟದ್ದೇನಲ್ಲ, ಕೇಳುವವರಲ್ಲಿ ಕೆಲವರು ಕೈಗಡ ಕೊಡಲೆಂದೇ ಕೇಳುತ್ತಾರೆ. ಬೇಡವಾದರೆ "ಇನ್ಶೂರೆನ್ಸ್ ಇದೆ" ಅಥವಾ "ಸದ್ಯಕ್ಕೆ ನಡೆಯುತ್ತಿದೆ" ಎನ್ನಿ. ನಾಲ್ಕನೆಯದು ಪ್ರಶ್ನೆಯಲ್ಲ, ಔಷಧಿ ಸಲಹೆ. ವಾದಕ್ಕೆ ಇಳಿಯಬೇಡಿ. "ಡಾಕ್ಟರನ್ನು ಕೇಳುತ್ತೇನೆ" ಎಂಬುದು ಅದಕ್ಕೆ ತಕ್ಕ ಮಾತು. ಕೇಳುವುದೂ ಒಳ್ಳೆಯದು, ಕೆಲವು ನಾಟಿ ಔಷಧಿಗಳು ಕೀಮೋ ಜೊತೆಗೆ ಯಕೃತ್ತಿಗೆ ಭಾರವಾಗುತ್ತವೆ ಎಂದು ನಮ್ಮ ವೈದ್ಯರು ನೇರವಾಗಿಯೇ ಎಚ್ಚರಿಸಿದರು.

ಹೆಚ್ಚು ಹೇಳಿಬಿಟ್ಟೆನೇ ಎಂದು ತಿಳಿಯಲು ಒಂದು ಗುರುತಿದೆ. ನೀವು ಹೇಳಿ ಮುಗಿಸಿದ ಮೇಲೆ ಎದುರಿನವರು ಕೆಲಸದ ಪ್ರಶ್ನೆ ಕೇಳಿದರೆ ಅಳತೆ ಸರಿಯಾಗಿದೆ. "ಗುರುವಾರ ಕೀಲಿ ಯಾರಿಗೆ ಕೊಡುತ್ತೀರಿ?" ಎಂದು ಹೆಡ್ ಕ್ಯಾಷಿಯರ್ ಕೇಳಿದಾಗ ನನಗೆ ಸಮಾಧಾನವಾಗಿತ್ತು. ಅವರು ಸುಮ್ಮನೆ ಕಣ್ಣು ಒರೆಸಿಕೊಂಡರೆ, ಅಥವಾ ತಮ್ಮ ಮನೆಯ ಸಾವಿನ ಕಥೆ ತೆಗೆದರೆ, ಸ್ವಲ್ಪ ಹೆಚ್ಚಾಗಿದೆ. ಕಡಿಮೆ ಹೇಳಿದ್ದರೆ ಗುರುತು ಬೇರೆ: ಅವರು ನಿಮ್ಮನ್ನು ಬಿಟ್ಟು ಇನ್ನೊಬ್ಬರಲ್ಲಿ ವಿಚಾರಿಸುತ್ತಾರೆ.

ಎಂಟನೆಯ ಹೆಜ್ಜೆ: ಚಿಕಿತ್ಸೆ ಬದಲಾದಾಗ ಮತ್ತೆ ಹೇಳಿ

ಜ್ವರದ ನಂತರ ಮೂರನೆಯ ಕೀಮೋ ಒಂದು ವಾರ ತಡವಾಯಿತು. ಗುರುವಾರ ಗುರುವಾರವಾಗಿಯೇ ಉಳಿದರೂ ಯಾವ ಗುರುವಾರ ಎಂಬುದು ಬದಲಾಯಿತು. ಬುಧವಾರ ಮಧ್ಯಾಹ್ನ "ಈ ವಾರ ಇಲ್ಲ ಸರ್, ಮುಂದಿನ ವಾರ" ಎಂದಷ್ಟೇ ಹೇಳಿದೆ. ಆರೂ ಮುಗಿದ ಮೇಲೆ ರೇಡಿಯೇಷನ್ ಎಂದರು. ಅದು ಕೀಮೋದಂತಲ್ಲ, ವಾರಕ್ಕೆ ಐದು ದಿನ, ದಿನಾ ಹೋಗಬೇಕು, ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ. ನಮಗೆ ಐದು ವಾರ ಬರೆದಿದ್ದರು. ಹಳೆಯ ಸುದ್ದಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಹೊಸದಾಗಿ ಹೇಳಬೇಕು: "ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ ಇರುತ್ತಾರೆ, ಅಕ್ಕ ಕರೆದುಕೊಂಡು ಹೋಗುತ್ತಾಳೆ. ನಾನು ಸೋಮವಾರ ಮಾತ್ರ ಒಂದು ಗಂಟೆ ತಡವಾಗಿ ಬರುತ್ತೇನೆ, ರೈಲಿನಿಂದ ನೇರ ಇಲ್ಲಿಗೆ." ಆ ಐದು ಸೋಮವಾರ ತಿಜೋರಿ ತೆರೆಯಲು ಕೀಲಿಯನ್ನು ಶನಿವಾರವೇ ಬರೆದು ಕೊಡುವ ಏರ್ಪಾಡಾಯಿತು.

ಎಲ್ಲವೂ ಮುಗಿದ ದಿನ "ಗುಣವಾಯಿತು" ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಕ್ಯಾನ್ಸರಿನಲ್ಲಿ ವೈದ್ಯರು ಆ ಪದವನ್ನು ಅಷ್ಟು ಬೇಗ ಬಳಸುವುದಿಲ್ಲ, ನಾನು ಬಳಸಿ ಆಮೇಲೆ ಹಿಂದೆ ತೆಗೆದುಕೊಳ್ಳುವುದು ಬೇಡ ಎನಿಸಿತು. ಸಂಜೆ ರಿಜಿಸ್ಟರಿಗೆ ಸಹಿ ಮಾಡುವಾಗ, "ಚಿಕಿತ್ಸೆ ಮುಗಿಯಿತು ಸರ್. ಇನ್ನು ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವುದು, ಒಂದು ದಿನದ ಕೆಲಸ. ಈಗ ನೋಡಲು ಬರಬಹುದು" ಎಂದೆ. ಮುಂದಿನ ಭಾನುವಾರ ಅವರು, ಅವರ ಮನೆಯವರು ಬಂದರು. ಕೈಯಲ್ಲಿ ಒಂದು ಗೊನೆ ಎಳನೀರು ಇತ್ತು. ಅಮ್ಮನಿಗೆ ಆಗಷ್ಟೇ ಗಿಡ್ಡ ಕೂದಲು ಬಂದಿತ್ತು, ಸೆರಗು ಹೊದ್ದು ಕೂತಿದ್ದಳು. ಅವರು ಕಾಯಿಲೆಯ ಮಾತು ಎತ್ತಲಿಲ್ಲ, ಆ ವರ್ಷದ ಮಾವಿನಕಾಯಿ ಬೆಲೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಹೋದರು.